ಮನೆ ಮಾರುತ್ತೀರಾ ಎಂದು ಕೇಳದ ಪತ್ರ

ಬೆಂಗಳೂರಿನ ಜಯನಗರದಂಥ ಹಳೆಯ ಬಡಾವಣೆಯಲ್ಲಿ ಸ್ವಂತ ಮನೆ ಇರುವವರ ಗೇಟಿಗೆ ಬರುವ ಕಾಗದಗಳಲ್ಲಿ ಒಂದು ಜಾತಿಯದು ತಪ್ಪದೆ ಇರುತ್ತದೆ. ಹಳದಿಯೋ ಗುಲಾಬಿಯೋ ಬಣ್ಣದ ಚೀಟಿ. ಮೇಲೆ ದಪ್ಪಕ್ಷರದಲ್ಲಿ ‘ಈ ಏರಿಯಾದಲ್ಲಿ ಮನೆ ಬೇಕಾಗಿದೆ, ರೆಡಿ ಪಾರ್ಟಿ ಇದ್ದಾರೆ, ಕೂಡಲೇ ಸಂಪರ್ಕಿಸಿ’. ಕೆಳಗೆ ಎರಡು ಮೊಬೈಲ್ ನಂಬರು. ಕೆಲವೊಮ್ಮೆ ಹೆಸರೂ ಇರುವುದಿಲ್ಲ. ಪೇಪರಿನ ಮಡಿಕೆಯೊಳಗಿಂದ ಅದು ಜಾರಿ ಬೀಳುತ್ತದೆ, ಮನೆಯಾಕೆ ಎತ್ತಿ ಕಸದ ಬುಟ್ಟಿಗೆ ಹಾಕುತ್ತಾರೆ. ಓದುವುದಕ್ಕೆ ಎರಡು ಕ್ಷಣವೂ ಹಿಡಿಯುವುದಿಲ್ಲ, ಏಕೆಂದರೆ ಅದರಲ್ಲಿ ಏನಿದೆ ಎಂಬುದು ಓದುವ ಮುಂಚೆಯೇ ಗೊತ್ತು.

ಈ ಕೆಲಸಕ್ಕೆ ಹೊಸದಾಗಿ ಇಳಿದ ಏಜೆಂಟ್ ಒಬ್ಬರು ಅದೇ ಬೀದಿಯ ಮನೆಗಳಿಗೆ ತಮ್ಮನ್ನು ಪರಿಚಯಿಸಿಕೊಂಡು ಪತ್ರ ಬರೆಯಬೇಕು ಎಂದಿಟ್ಟುಕೊಳ್ಳೋಣ. ಚೀಟಿ ಬೇಡ, ಪತ್ರವೇ ಬೇಕು. ಓದಿದವರಿಗೆ ‘ಇವರು ಗಂಟುಬೀಳುತ್ತಾರೆ’ ಅನ್ನಿಸಬಾರದು. ಅದೂ ಬೀದಿಯಲ್ಲಿ ಒಬ್ಬರಿಗೂ ಅವರ ಪರಿಚಯವಿಲ್ಲ, ತೋರಿಸಿಕೊಳ್ಳಲು ಮುಗಿಸಿದ ಒಂದು ವ್ಯವಹಾರವೂ ಇಲ್ಲ. ಇದು ಹೇಗೆ ಸಾಧ್ಯ ಎಂಬುದನ್ನು ಜಯನಗರ 9ನೇ ಬ್ಲಾಕಿನ ರಾಗಿಗುಡ್ಡದ ಸುತ್ತಿನ ನಾಲ್ಕೈದು ಅಡ್ಡರಸ್ತೆಗಳನ್ನು ಮುಂದಿಟ್ಟುಕೊಂಡು ನೋಡಬಹುದು. ಹಳೆಯ ಸೈಟುಗಳು, ವಯಸ್ಸಾದ ಮಾಲೀಕರು, ಹೊರದೇಶದಲ್ಲಿ ಮಕ್ಕಳು, ಬಿಲ್ಡರುಗಳ ಕಣ್ಣು ಎಲ್ಲವೂ ಅಲ್ಲಿ ಒಟ್ಟಿಗಿವೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೋ ಮಾರ್ಗ ಶುರುವಾಗಿ ರಾಗಿಗುಡ್ಡಕ್ಕೇ ಒಂದು ನಿಲ್ದಾಣ ಬಂದಮೇಲೆ ಚೀಟಿಗಳು ಕಡಿಮೆಯಾಗುವುದಂತೂ ಸಾಧ್ಯವಿಲ್ಲ.

ಮೊದಲು ಲೆಕ್ಕ. ಈ ಅಡ್ಡರಸ್ತೆಗಳಲ್ಲಿ 250 ಮನೆಗಳಿವೆ ಎಂದುಕೊಳ್ಳಿ. ಒಬ್ಬರೇ ನಡೆದು ನೋಡಿ, ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ನೆನಪಿಡಬಹುದಾದ ಸಂಖ್ಯೆ ಅದು. ಹಳೆಯ ಬಡಾವಣೆಯಲ್ಲಿ ಮನೆಗಳು ಸುಲಭಕ್ಕೆ ಕೈ ಬದಲಾಯಿಸುವುದಿಲ್ಲ. ವರ್ಷಕ್ಕೆ ಐದು ಮನೆ ಮಾರಾಟವಾಗುತ್ತವೆ ಎಂದು ಊಹಿಸಿಕೊಂಡರೂ ಈ ವರ್ಷ ಮಾರುವ ಯೋಚನೆಯೇ ಇಲ್ಲದವರು 245 ಮಂದಿ. ಹಳದಿ ಚೀಟಿ ಮಾತಾಡುವುದು ಆ ಐದು ಜನರ ಜೊತೆ. ಉಳಿದ 245 ಮನೆಗಳಿಗೆ ಅದು ಸುಮ್ಮನೆ ಕಿರಿಕಿರಿ. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷ ಬಿಟ್ಟು ಮಾರಬೇಕಾಗಿ ಬರಬಹುದಾದ ಮನೆಯೂ ಆ 245ರಲ್ಲೇ ಇರುತ್ತದೆ, ಅದಕ್ಕೂ ಇವತ್ತೇ ಬೇಸರ ತರಿಸಿದಂತಾಯಿತು. ಆದ್ದರಿಂದ ಪತ್ರವನ್ನು ಮಾರದವರಿಗಾಗಿ ಬರೆಯಬೇಕು. ಇದೊಂದನ್ನು ಒಪ್ಪಿಕೊಂಡರೆ ಪತ್ರದ ಧಾಟಿಯ ಮುಕ್ಕಾಲುಪಾಲು ತಾನಾಗಿ ಸರಿಹೋಗುತ್ತದೆ. ಮಾರದವರಿಗೆ ‘ಕೂಡಲೇ’ ಎನ್ನಲು ಏನೂ ಇರುವುದಿಲ್ಲ.

ಹಾಗಾದರೆ ಮಾರದವರಿಗೆ ಏನು ಹೇಳುವುದು? ಇಲ್ಲಿ ಹೊಸಬರು ಸಾಮಾನ್ಯವಾಗಿ ಬೆಲೆಯ ಕಡೆ ಹೋಗುತ್ತಾರೆ. ‘ನಿಮ್ಮ ಮನೆಯ ಇಂದಿನ ಬೆಲೆ ಗೊತ್ತೇ? ಉಚಿತವಾಗಿ ತಿಳಿಸುತ್ತೇವೆ’ ಎಂಬ ಸಾಲು ಅಲ್ಲಿಂದಲೇ ಬಂದದ್ದು. ಇದರಲ್ಲಿ ಎರಡು ತೊಡಕಿದೆ. ನಮ್ಮಲ್ಲಿ ಮಾರಾಟದ ನಿಜವಾದ ಬೆಲೆ ಎಲ್ಲೂ ಸುಲಭವಾಗಿ ಸಿಗುವುದಿಲ್ಲ. ಸರ್ಕಾರ ಪ್ರಕಟಿಸುವುದು ಮಾರ್ಗಸೂಚಿ ದರ, ಅಂದರೆ ಎಲ್ಲರೂ ಗೈಡೆನ್ಸ್ ವ್ಯಾಲ್ಯೂ ಅನ್ನುವುದು. ನೋಂದಣಿ ಮತ್ತು ಮುದ್ರಾಂಕ ಶುಲ್ಕ ಅದಕ್ಕಿಂತ ಕಡಿಮೆ ಮೊತ್ತದ ಮೇಲೆ ಆಗುವಂತಿಲ್ಲ ಎನ್ನುವುದಕ್ಕಾಗಿ ಇರುವ ದರ ಅದು. ಬೀದಿಯಲ್ಲಿ ನಡೆಯುವ ವ್ಯಾಪಾರದ ಬೆಲೆ ಬೇರೆ. ಕ್ರಯಪತ್ರದಲ್ಲಿ ಬರೆದ ಮೊತ್ತ ಎಷ್ಟು ಸಲ ಪೂರ್ತಿ ನಿಜವಾಗಿರುತ್ತದೆ ಎಂಬುದು ಮಾಲೀಕರಿಗೂ ಗೊತ್ತು, ಏಜೆಂಟರಿಗೂ ಗೊತ್ತು. ಹೀಗಿರುವಾಗ ಬೀದಿಗೆ ಹೊಸಬರಾದವರು ಬೆಲೆ ಹೇಳಲು ಹೊರಟರೆ ಅದು ಊಹೆ ಎಂದು ಮೊದಲ ಓದಿಗೇ ಬಯಲಾಗುತ್ತದೆ. ಎರಡನೆಯ ತೊಡಕು ಇನ್ನೂ ನಾಜೂಕಿನದು. ನಲವತ್ತು ವರ್ಷ ಬಾಳಿದ ಮನೆಯ ಬೆಲೆಯನ್ನು ಗುರುತಿಲ್ಲದವರು ಗೇಟಿನಾಚೆ ನಿಂತು ಎಣಿಸುತ್ತಿದ್ದಾರೆ ಎಂಬ ಭಾವನೆ ಯಾರಿಗೂ ಹಿತವಲ್ಲ.

ಬೆಲೆಗಿಂತ ಹೆಚ್ಚು ಕೆಲಸಕ್ಕೆ ಬರುವುದು ಕಾಗದಪತ್ರದ ವಿಷಯ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಬೆಂಗಳೂರಿನಲ್ಲಿ ಆಸ್ತಿಯ ಮಾರಾಟ ನೋಂದಣಿಯಾಗುವುದಿಲ್ಲ. ಹಳೆಯ ಕಾಗದದ ಖಾತೆ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೂ ಸಾಲದು. ಕರಡು ಇ-ಖಾತೆಗಳನ್ನು ಪಾಲಿಕೆ bbmpeaasthi.karnataka.gov.in ತಾಣದಲ್ಲಿ ಹಾಕಿದೆ. ಅದನ್ನು ತೆರೆದು ಹೆಸರು, ಅಳತೆ, ವಿಳಾಸ ಸರಿಯಿದೆಯೇ ನೋಡಿ, ಆಧಾರ್ ದೃಢೀಕರಣ ಮುಗಿಸಿ, ಕ್ರಯಪತ್ರದ ವಿವರ, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೋ ಕೊಟ್ಟರೆ ಅಂತಿಮ ಇ-ಖಾತೆ ಸಿಗುತ್ತದೆ. ಹೊಂದಾಣಿಕೆಯಾಗದಿದ್ದರೆ ಕಡತ ಸಹಾಯಕ ಕಂದಾಯ ಅಧಿಕಾರಿಯ ಕಚೇರಿಗೆ ಹೋಗುತ್ತದೆ. ಕಂಪ್ಯೂಟರಿನ ಗೊಡವೆ ಬೇಡವೆಂದರೆ ಬೆಂಗಳೂರು ಒನ್ ಕೇಂದ್ರದಲ್ಲೂ ಮಾಡಿಸಬಹುದು.

ಕೇಳಲು ಸಲೀಸು. ಆದರೆ ಇಂಥ ಬೀದಿಯಲ್ಲಿ ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇರುತ್ತದೆ. ತೆರಿಗೆ ಕಟ್ಟುತ್ತಾ ಬಂದಿರುವುದರಿಂದ ಯಾರಿಗೂ ಅದು ತೊಂದರೆ ಎನಿಸಿರುವುದಿಲ್ಲ. ಇ-ಖಾತೆಗೆ ಬದುಕಿರುವ ಮಾಲೀಕರ ಆಧಾರ್ ಬೇಕು. ಹಾಗಾಗಿ ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಇಟ್ಟುಕೊಂಡು ಖಾತೆ ವರ್ಗಾವಣೆ ಮಾಡಿಸಬೇಕು. ವಾರಸುದಾರರಲ್ಲಿ ಒಬ್ಬರು ಸಿಡ್ನಿಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ ಇದ್ದರೆ ಇದು ತಿಂಗಳುಗಳ ಕೆಲಸ. ಮಾರುವ ಯೋಚನೆ ಇಲ್ಲದವರೂ ಇದನ್ನು ನೆಮ್ಮದಿಯ ಕಾಲದಲ್ಲೇ ಮಾಡಿಸಿಟ್ಟರೆ ಒಳ್ಳೆಯದು ಎಂಬುದನ್ನು ಯಾರಾದರೂ ಹೇಳಬೇಕು. ಆ ಯಾರಾದರೂ ಹೊಸ ಏಜೆಂಟರೇ ಆಗಲಿ. ಪತ್ರದ ತಿರುಳು ಅದೇ.

ಇನ್ನು ಹೊಸತನದ ಮಾತು. ಹೊಸಬರು ಅದನ್ನು ಮುಚ್ಚಿಡಲು ಬಹಳ ಕಷ್ಟಪಡುತ್ತಾರೆ. ‘ಅನುಭವಿ ತಂಡ’, ‘ನಂಬಿಕೆಗೆ ಮತ್ತೊಂದು ಹೆಸರು’ ಎಂದೆಲ್ಲ ಬರೆಯುತ್ತಾರೆ. ಫೋನಿನಲ್ಲಿ ಎರಡು ಪ್ರಶ್ನೆ ಕೇಳಿದರೆ ಇದು ಕುಸಿಯುತ್ತದೆ. ಹೊಸಬಳು ಎಂದು ಒಂದೇ ವಾಕ್ಯದಲ್ಲಿ ಹೇಳಿ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಕಾಗದಪತ್ರ ನೋಡುವಾಗ ಯಾವ ವಕೀಲರ ನೆರವು ತೆಗೆದುಕೊಳ್ಳುತ್ತೇನೆ ಎಂದು ಎರಡನೇ ವಾಕ್ಯದಲ್ಲಿ ಹೇಳಿದರೆ ಮುಗಿಯಿತು. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಎಲ್ಲಿ ಕೆಲಸ ಮಾಡಿದ್ದರೂ ಅದು ನಿಜವಾದ ಪರಿಚಯ.

ರೇರಾ ನೋಂದಣಿಯ ಬಗ್ಗೆಯೂ ಒಂದು ಎಚ್ಚರ ಬೇಕು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ರೇರಾದಲ್ಲಿ ನೋಂದಣಿಯಾದ ಯೋಜನೆಗಳ ಫ್ಲ್ಯಾಟ್, ಸೈಟುಗಳ ಮಾರಾಟಕ್ಕೆ ನಡುವೆ ನಿಲ್ಲುವ ಏಜೆಂಟರು ನೋಂದಾಯಿಸಿಕೊಂಡಿರಲೇಬೇಕು. ನೋಂದಣಿ ಇದ್ದರೆ ಆ ಸಂಖ್ಯೆಯನ್ನು ಪತ್ರದಲ್ಲಿ ಹಾಕುವುದು ಒಳ್ಳೆಯದು, ಮಾಲೀಕರು ಕರ್ನಾಟಕ ರೇರಾ ತಾಣದಲ್ಲಿ ಹುಡುಕಿ ನೋಡಬಹುದು. ಆದರೆ ಕಾಯ್ದೆ ನೋಡುವುದು ಮುಖ್ಯವಾಗಿ ಬಿಲ್ಡರುಗಳ ಯೋಜನೆಗಳನ್ನು. ಜಾಗ 500 ಚದರ ಮೀಟರ್ ದಾಟದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗೆ ನೋಂದಣಿಯ ಅಗತ್ಯವಿಲ್ಲ. ಜಯನಗರದ ನಲವತ್ತು ಅರವತ್ತರ ಸೈಟು ಸುಮಾರು 223 ಚದರ ಮೀಟರ್ ಅಷ್ಟೇ. ಅದರ ಮೇಲಿರುವ ಹಳೆಯ ಮನೆಯ ಮರುಮಾರಾಟಕ್ಕೆ ರೇರಾ ರಕ್ಷಣೆ ಇದೆ ಎಂಬ ಅರ್ಥ ಬರುವಂತೆ ಬರೆದರೆ ಅದು ಸುಳ್ಳೇ. ಅದೇ ಕಾಯ್ದೆಯ 10ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ತನಗಿಲ್ಲದ ಅನುಮೋದನೆ ಇದೆ ಎಂದು ತೋರಿಸಿಕೊಳ್ಳುವುದು, ಕೊಡುವ ಉದ್ದೇಶವೇ ಇಲ್ಲದ ಸೇವೆಯ ಜಾಹೀರಾತು ಹಾಕುವುದು ಏಜೆಂಟರಿಗೆ ಸಲ್ಲದ ನಡವಳಿಕೆ. ಇಲ್ಲದ ‘ರೆಡಿ ಪಾರ್ಟಿ’ಯನ್ನು ಇದ್ದಾರೆ ಎಂದು ಬರೆಯುವವರು ಆ ಸಾಲನ್ನು ಒಮ್ಮೆ ಓದಿದರೆ ಚೆನ್ನು.

ಈಗ ಪತ್ರ. ಬ್ಯಾಂಕು ಬಿಟ್ಟು ಈ ಕೆಲಸಕ್ಕೆ ಬಂದ ಮಹಿಳೆಯೊಬ್ಬರು ಬರೆದಿದ್ದಾರೆ ಎಂದುಕೊಳ್ಳಿ. ಒಂದೇ ಪುಟ, ಬಿಳಿ ಕಾಗದ, ಕಪ್ಪು ಅಕ್ಷರ, ವಯಸ್ಸಾದವರು ಕನ್ನಡಕ ಹುಡುಕದೆ ಓದುವಷ್ಟು ದೊಡ್ಡದಾಗಿ.

“ಈ ಮನೆಯ ಯಜಮಾನರಿಗೆ ಅಥವಾ ಯಜಮಾನಿಯವರಿಗೆ,

ನಮಸ್ಕಾರ. ರಾಗಿಗುಡ್ಡದ ಸುತ್ತಿನ ಈ ಅಡ್ಡರಸ್ತೆಗಳಲ್ಲಿ ಮನೆಗಳ ಮಾರಾಟ ಮತ್ತು ಬಾಡಿಗೆಯ ಏಜೆಂಟ್ ಆಗಿ ಈ ವರ್ಷ ಕೆಲಸ ಶುರು ಮಾಡಿದ್ದೇನೆ. ಈ ಕೆಲಸಕ್ಕೆ ಹೊಸಬಳು. ಇದಕ್ಕೆ ಮುಂಚೆ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಮನೆಗಳ ಕಾಗದಪತ್ರ ನೋಡುತ್ತಿದ್ದೆ.

ನಿಮ್ಮ ಮನೆ ಮಾರಾಟಕ್ಕಿದೆ ಎಂದು ಕೇಳಿ ಬರೆಯುತ್ತಿಲ್ಲ. ಈ ಬೀದಿಯ ಎಲ್ಲ ಮನೆಗಳಿಗೂ ಇದೇ ಪತ್ರ ಹಾಕಿದ್ದೇನೆ.

ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟುವಾಗ ರಸೀದಿ ಕೈಯಲ್ಲಿರುತ್ತದೆ. ಅದೇ ಹೊತ್ತಿಗೆ ನಿಮ್ಮ ಮನೆಯ ಕರಡು ಇ-ಖಾತೆಯನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಹೆಸರಿನ ಅಕ್ಷರ, ಸೈಟಿನ ಅಳತೆ, ಮಾಲೀಕರು ಯಾರೆಂದು ಬರೆದಿದೆ ಎಂಬ ಮೂರನ್ನು ನೋಡಿದರೆ ಸಾಕು. ಖಾತೆ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇದ್ದರೆ ಅದನ್ನು ವರ್ಗಾಯಿಸಲು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕಾಗುತ್ತದೆ, ಸಮಯವೂ ಹಿಡಿಯುತ್ತದೆ. ಪತ್ರದ ಹಿಂಬದಿಯಲ್ಲಿ ಬೇಕಾಗುವ ದಾಖಲೆಗಳನ್ನೂ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗುವ ಮುನ್ನ ನೋಡಿಕೊಳ್ಳಬೇಕಾದ್ದನ್ನೂ ಬರೆದಿದ್ದೇನೆ. ಇದಕ್ಕೆ ನನ್ನ ನೆರವು ಬೇಕಾಗುವುದಿಲ್ಲ. ದಯವಿಟ್ಟು ಆಧಾರ್ ಪ್ರತಿ, ಕ್ರಯಪತ್ರ, ಒಟಿಪಿ ಯಾವುದನ್ನೂ ನನಗಾಗಲಿ ಇನ್ಯಾವ ಏಜೆಂಟರಿಗಾಗಲಿ ಕಳಿಸಬೇಡಿ.

ನಾನು ಮಾಡುವ ಕೆಲಸ ಇಷ್ಟು. ಮನೆ ಮಾರಲು ಅಥವಾ ಬಾಡಿಗೆಗೆ ಕೊಡಲು ನೀವೇ ತೀರ್ಮಾನಿಸಿದಾಗ ಕಾಗದಪತ್ರ ಜೋಡಿಸಲು ನೆರವಾಗುವುದು, ಕೊಳ್ಳುವವರನ್ನು ಹುಡುಕಿ ಅವರ ಸಾಲದ ಅರ್ಹತೆ ವಿಚಾರಿಸಿ ಮನೆ ತೋರಿಸುವುದು, ನೋಂದಣಿ ಮುಗಿಯುವವರೆಗೆ ಜೊತೆಗಿರುವುದು. ಮಾರಾಟಕ್ಕೆ ನನ್ನ ಶುಲ್ಕ ಶೇಕಡ ಒಂದು, ನೋಂದಣಿಯ ದಿನ ಕೊಟ್ಟರೆ ಸಾಕು. ಕೊಳ್ಳುವವರಿಂದಲೂ ಶುಲ್ಕ ತೆಗೆದುಕೊಳ್ಳುವುದಾದರೆ ಅದನ್ನು ನಿಮಗೆ ಮೊದಲೇ ಹೇಳುತ್ತೇನೆ.

ಏನಾದರೂ ಕೇಳಬೇಕೆನಿಸಿದರೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕೆಳಗಿನ ಸಂಖ್ಯೆಗೆ ಕರೆ ಮಾಡಬಹುದು. ನಾನಾಗಿ ಫೋನ್ ಮಾಡುವುದಿಲ್ಲ, ಮನೆಗೂ ಬರುವುದಿಲ್ಲ. ಆರು ತಿಂಗಳಾದ ಮೇಲೆ ಇಂಥದೇ ಇನ್ನೊಂದು ಪತ್ರ ಹಾಕುವ ಯೋಚನೆಯಿದೆ. ಬೇಡವೆನಿಸಿದರೆ ಮನೆ ಸಂಖ್ಯೆಯನ್ನಷ್ಟೇ ಮೆಸೇಜ್ ಮಾಡಿ, ಮುಂದೆ ಬರುವುದಿಲ್ಲ.

ಇಂತಿ,
(ಹೆಸರು, ಕಚೇರಿಯ ವಿಳಾಸ, ಫೋನ್, ರೇರಾ ನೋಂದಣಿ ಸಂಖ್ಯೆ)”

ಪತ್ರದಲ್ಲಿ ಹೆಸರು ಹಿಡಿದು ಕರೆದಿಲ್ಲ ಎಂಬುದನ್ನು ಗಮನಿಸಿರಬಹುದು. ಹೆಸರು ಸಿಗುವುದು ಕಷ್ಟವಲ್ಲ. ಗೇಟಿನ ಫಲಕದಲ್ಲಿರುತ್ತದೆ, ಕರಡು ಇ-ಖಾತೆಯಲ್ಲೂ ಇರುತ್ತದೆ. ಆದರೆ ಫಲಕದ ಹೆಸರು ತೀರಿಹೋದವರದಾಗಿರಬಹುದು. ಹೋದ ವರ್ಷ ಗಂಡನನ್ನು ಕಳೆದುಕೊಂಡವರ ಕೈಗೆ ಆತನ ಹೆಸರಿಗೆ ಬಂದ ಮನೆ ಮಾರಾಟದ ಪತ್ರ ಸಿಕ್ಕರೆ ಹೇಗಿರುತ್ತದೆ? ಸರ್ಕಾರಿ ತಾಣದಿಂದ ಹೆಸರು ಎತ್ತಿ ಬರೆದರೆ ‘ಇವಳಿಗೆ ನಮ್ಮ ಹೆಸರು, ಖಾತೆ ಎಲ್ಲ ಹೇಗೆ ಗೊತ್ತು’ ಎಂಬ ಅನುಮಾನ ಮೊದಲ ಸಾಲಿನಲ್ಲೇ ಹುಟ್ಟುತ್ತದೆ. ಬೇರೆಯವರ ಹೆಸರಿನಲ್ಲಿ ನಿಂತು ಆಸ್ತಿ ಬರೆದುಕೊಟ್ಟ ಮೋಸಗಳ ಸುದ್ದಿ ಬೆಂಗಳೂರಿನಲ್ಲಿ ಹೊಸತಲ್ಲ. ಒಂಟಿಯಾಗಿರುವ ಹಿರಿಯರು ಮತ್ತು ಹೊರದೇಶದಲ್ಲಿರುವ ಮಾಲೀಕರು ಅದಕ್ಕೆ ಹೆಚ್ಚು ಹೆದರುತ್ತಾರೆ. ದಾಖಲೆ ಕಳಿಸಬೇಡಿ ಎಂಬ ಸಾಲನ್ನು ಪತ್ರದೊಳಗೇ ಇಟ್ಟದ್ದು ಅದಕ್ಕಾಗಿ. ಒಬ್ಬ ಏಜೆಂಟ್ ತನ್ನನ್ನೂ ಸೇರಿಸಿ ‘ಯಾರಿಗೂ ಕೊಡಬೇಡಿ’ ಎಂದಾಗ ಪತ್ರಕ್ಕೆ ಬರುವ ತೂಕ ‘ನಂಬಿಕಸ್ಥರು’ ಎಂದು ಹತ್ತು ಸಲ ಬರೆದರೂ ಬರುವುದಿಲ್ಲ.

‘ನಿಮ್ಮ ಮನೆ ಮಾರಾಟಕ್ಕಿದೆ ಎಂದು ಕೇಳಿ ಬರೆಯುತ್ತಿಲ್ಲ’ ಎಂಬ ಸಾಲು ಕೆಲವರಿಗೆ ದುಂದು ಎನಿಸಬಹುದು. ಬೀದಿಯ ವಾಸ್ತವ ಬೇರೆ. ಮನೆಗೆ ಏಜೆಂಟರ ಪತ್ರ ಬಂದರೆ ಪಕ್ಕದ ಮನೆಯವರಿಗೆ ತಿಳಿಯುತ್ತದೆ, ಸಂಜೆ ದೇವಸ್ಥಾನದಲ್ಲಿ ‘ಏನು, ಮನೆ ಕೊಡ್ತಿದ್ದೀರಂತೆ’ ಎಂದು ಯಾರಾದರೂ ಕೇಳುತ್ತಾರೆ. ಬೀದಿಗೆಲ್ಲ ಹಾಕಿದ್ದೇನೆ ಎಂದರೆ ಆ ಮುಜುಗರ ತಪ್ಪುತ್ತದೆ. ಅಣ್ಣ ತಮ್ಮಂದಿರ ನಡುವೆ ಪಾಲಿನ ಮಾತು ನಡೆಯುತ್ತಿರುವ ಮನೆಯಲ್ಲಂತೂ ಇದು ಸಣ್ಣ ವಿಷಯವಲ್ಲ.

ಶುಲ್ಕವನ್ನು ಮೊದಲ ಪತ್ರದಲ್ಲೇ ಹೇಳಬೇಕೇ ಎಂದು ಏಜೆಂಟರಲ್ಲೇ ವಾದವಿದೆ. ಹೇಳಿದರೆ ಚೌಕಾಸಿಗೆ ದಾರಿಯಾಗುತ್ತದೆ ಎನ್ನುವವರು ಬಹಳ. ನನಗೆ ಹೇಳುವುದೇ ಸರಿ ಎನಿಸುತ್ತದೆ. ಬೆಂಗಳೂರಿನಲ್ಲಿ ಮಾರಾಟಕ್ಕೆ ಶೇಕಡ ಒಂದರಿಂದ ಎರಡು ಕೇಳುವುದು ರೂಢಿ, ಎರಡೂ ಕಡೆಯಿಂದ ತೆಗೆದುಕೊಳ್ಳುವವರೂ ಇದ್ದಾರೆ. ಎರಡು ಕೋಟಿಯ ಮನೆಗೆ ಶೇಕಡ ಒಂದು ಎಂದರೆ ಎರಡು ಲಕ್ಷ. ಈ ಮೊತ್ತ ಕೊನೆಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮೊದಲ ಸಲ ಕಿವಿಗೆ ಬಿದ್ದರೆ ಜಗಳ ಖಚಿತ. ಕೊಳ್ಳುವವರಿಂದಲೂ ಹಣ ಬರುತ್ತದೆ ಎಂಬುದನ್ನು ಮುಚ್ಚಿಟ್ಟರಂತೂ ಏಜೆಂಟ್ ಯಾರ ಕಡೆಯವರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಪತ್ರದಿಂದ ಏಜೆಂಟರ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಅಳಿಸಿ ನೋಡಿ. ಉಳಿದದ್ದರಲ್ಲಿ ಯಾರಾದರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುವಂಥದ್ದು ಏನಾದರೂ ಇದೆಯೇ? ಹಿಂಬದಿಯ ದಾಖಲೆಗಳ ಪಟ್ಟಿ ಇದ್ದರೆ ಇದೆ. ಇಲ್ಲದಿದ್ದರೆ ಅದು ಹಳದಿ ಚೀಟಿಯ ಉದ್ದನೆಯ ರೂಪ ಅಷ್ಟೇ. ಇನ್ನೊಂದು, ಪತ್ರದಲ್ಲಿರುವ ‘ಮಾಡಿ’, ‘ಕರೆಯಿರಿ’, ‘ಸಂಪರ್ಕಿಸಿ’ಗಳನ್ನು ಎಣಿಸುವುದು. ಮೇಲಿನ ಪತ್ರದಲ್ಲಿ ಓದುಗರಿಗೆ ನೇರವಾಗಿ ಹೀಗೆ ಹೇಳಿರುವುದು ಎರಡೇ ಕಡೆ. ಎರಡೂ ಅವರ ಒಳ್ಳೆಯದಕ್ಕೇ ಇವೆ. ದಾಖಲೆ ಕಳಿಸಬೇಡಿ, ಪತ್ರ ಬೇಡವಾದರೆ ಮೆಸೇಜ್ ಮಾಡಿ.

ತಲುಪಿಸುವ ಬಗೆಯಲ್ಲೂ ಎಡವುವವರಿದ್ದಾರೆ. ಗಂಭೀರವಾಗಿ ಕಾಣಲಿ ಎಂದು ಸಹಿ ಹಾಕಿಸಿಕೊಳ್ಳುವ ಅಂಚೆಯಲ್ಲಿ ಕಳಿಸಿದರೆ ಕೋರ್ಟ್ ನೋಟಿಸ್ ಎಂದು ಮನೆಯವರ ಎದೆ ಧಸಕ್ಕೆನ್ನುತ್ತದೆ. ಲಕೋಟೆ ಬಿಡಿಸಿದಾಗ ಬರುವ ಸಿಟ್ಟು ಪತ್ರ ಎಷ್ಟು ಚೆನ್ನಾಗಿದ್ದರೂ ಇಳಿಯುವುದಿಲ್ಲ. ಪೇಪರಿನೊಳಗೆ ಸೇರಿಸಿದರೆ ಸೀರೆ ಸೇಲಿನ ಜಾಹೀರಾತಿನ ಜೊತೆ ಹೋಗುತ್ತದೆ. ವಾಟ್ಸ್ಆ್ಯಪ್ ಗುಂಪಿನಿಂದ ನಂಬರು ಎತ್ತಿ ಕಳಿಸುವುದಂತೂ ಬೇಡವೇ ಬೇಡ. ಒಪ್ಪಿಗೆ ಇಲ್ಲದ ವ್ಯಾಪಾರದ ಕರೆ ಮತ್ತು ಮೆಸೇಜುಗಳ ವಿರುದ್ಧ ಟ್ರಾಯ್ ನಿಯಮವಿದೆ, 1909ಕ್ಕೆ ದೂರು ಕೊಡುವವರೂ ಇದ್ದಾರೆ. ಇಪ್ಪತ್ತು ಗ್ರಾಮಿನೊಳಗಿನ ಸಾದಾ ಪತ್ರಕ್ಕೆ ಐದು ರೂಪಾಯಿಯ ಅಂಚೆಚೀಟಿ ಸಾಕು. 250 ಮನೆಗೆ 1250 ರೂಪಾಯಿ. ವಿಳಾಸವನ್ನು ಕೈಯಲ್ಲಿ ಬರೆದರೆ ಲಕೋಟೆ ಬಿಡಿಸಿ ನೋಡುವವರು ಹೆಚ್ಚು. ಅದಕ್ಕೂ ಒಳ್ಳೆಯದು ಬೆಳಗಿನ ಹೊತ್ತು ತಾನೇ ನಡೆದುಹೋಗಿ ಪತ್ರದ ಪೆಟ್ಟಿಗೆಗೆ ಹಾಕುವುದು. ಯಾವ ಮನೆ ಬೀಗ ಹಾಕಿದೆ, ಎಲ್ಲಿ ‘ಟು ಲೆಟ್’ ಫಲಕ ತೂಗುತ್ತಿದೆ, ಎಲ್ಲಿ ‘ಬ್ರೋಕರ್‌ಗಳು ಬೇಡ’ ಎಂದು ಬರೆದಿದ್ದಾರೆ ಎಂಬುದೂ ಆಗ ಕಾಣುತ್ತದೆ. ಹಾಗೆ ಬರೆದ ಮನೆಗೆ ಪತ್ರ ಹಾಕಬಾರದು. ಬೀಗ ಹಾಕಿದ ಮನೆಗೂ ಬೇಡ. ಗೇಟಿಗೆ ಸಿಕ್ಕಿಸಿದ ಕಾಗದ ದಿನಗಟ್ಟಲೆ ಅಲ್ಲೇ ಇದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದು ಕಳ್ಳರಿಗೆ ಸಾರಿದಂತೆ.

ಹೊತ್ತಿನ ಆಯ್ಕೆ ಪತ್ರದಲ್ಲೇ ಇದೆ. ಏಪ್ರಿಲ್‌ನಲ್ಲಿ ಇಡೀ ವರ್ಷದ ಆಸ್ತಿ ತೆರಿಗೆ ಒಟ್ಟಿಗೆ ಕಟ್ಟಿದರೆ ಬೆಂಗಳೂರಿನಲ್ಲಿ ಶೇಕಡ ಐದು ರಿಯಾಯಿತಿ ಸಿಗುತ್ತಾ ಬಂದಿದೆ. ಹಾಗಾಗಿ ಮಾರ್ಚ್ ಕೊನೆಗೆ ಬಂದ ಪತ್ರ ಓದುವಾಗ ಮನೆಯ ಫೈಲು ಆಗಲೇ ಮೇಜಿನ ಮೇಲಿರುತ್ತದೆ. ಮಾರುಕಟ್ಟೆ ಬಿಸಿಯಾಗಿರುವ ದಿನಗಳನ್ನು ಹುಡುಕುವ ಏಜೆಂಟರಿಗೆ ಇದು ಹೊಳೆಯುವುದಿಲ್ಲ.

ಪತ್ರ ಹಾಕಿದ ಮೇಲೆ ಏನಾಗುತ್ತದೆ? ಬಹುಪಾಲು ಏನೂ ಆಗುವುದಿಲ್ಲ, ಅದನ್ನು ಸೋಲು ಎಂದುಕೊಳ್ಳಬೇಕಿಲ್ಲ. ಬರುವ ಕರೆಗಳ ಮೊದಲ ಮಾತಿನಲ್ಲೇ ಪತ್ರ ಹೇಗೆ ಮುಟ್ಟಿತು ಎಂದು ತಿಳಿಯುತ್ತದೆ. ‘ಎಷ್ಟಕ್ಕೆ ಹೋಗುತ್ತೆ’ ಎಂದೇ ಎಲ್ಲರೂ ಶುರು ಮಾಡಿದರೆ ಪತ್ರದಲ್ಲಿ ಎಲ್ಲೋ ಬೆಲೆಯ ವಾಸನೆ ಇತ್ತು ಎಂದರ್ಥ. ‘ನಮ್ಮ ಖಾತೆ ಅತ್ತೆಯವರ ಹೆಸರಲ್ಲಿದೆಯಮ್ಮ, ಅವರು ಹೋಗಿ ಹನ್ನೆರಡು ವರ್ಷ ಆಯ್ತು, ಈಗೇನು ಮಾಡೋದು’ ಎಂಬ ಕರೆ ಬಂದರೆ ಪತ್ರ ಓದಿದ್ದಾರೆ. ಈ ಕರೆಯಲ್ಲಿ ದಾಖಲೆಗಳ ವಿವರ ಹೇಳಿ, ವಾರಸುದಾರರ ನಡುವೆ ತಕರಾರಿದ್ದರೆ ವಕೀಲರನ್ನು ನೋಡಿ ಎಂದು ಫೋನ್ ಇಡಬೇಕು. ಅಲ್ಲೇ ‘ಹಾಗೇ ಮಾರಿಬಿಡೋ ಯೋಚನೆ ಇದೆಯಾ ಆಂಟಿ’ ಎಂದು ಸೇರಿಸಿದರೆ ಪತ್ರದಲ್ಲಿ ಕೊಟ್ಟ ಮಾತೆಲ್ಲ ನೀರುಪಾಲು. ಆ ನಾಲಿಗೆ ತುರಿಕೆಯನ್ನು ತಡೆದುಕೊಳ್ಳುವುದು ಪತ್ರ ಬರೆಯುವುದಕ್ಕಿಂತ ಕಷ್ಟದ ಕೆಲಸ.

ಆರು ತಿಂಗಳ ನಂತರದ ಪತ್ರಕ್ಕೂ ಇದೇ ಅಳತೆ. ಆಗ ಋಣಭಾರ ಪ್ರಮಾಣಪತ್ರದ ಬಗ್ಗೆ ಬರೆಯಬಹುದು. ಎಲ್ಲರೂ ಇಸಿ ಎನ್ನುವ ಈ ದಾಖಲೆಯನ್ನು ಮಾರುವವರಷ್ಟೇ ತೆಗೆಸಬೇಕು ಎಂಬ ನಂಬಿಕೆಯಿದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ 2004ರಿಂದೀಚಿನ ಇಸಿ ಮನೆಯಲ್ಲೇ ಕುಳಿತು ಪಡೆಯಬಹುದು. ವರ್ಷಕ್ಕೊಮ್ಮೆ ತೆಗೆದು ನೋಡಿದರೆ ನಿಮ್ಮ ಮನೆಯ ಮೇಲೆ ನಿಮಗೆ ಗೊತ್ತಿಲ್ಲದೆ ಯಾವುದೇ ಪತ್ರ ನೋಂದಣಿಯಾಗಿಲ್ಲ ಎಂಬುದು ಖಚಿತವಾಗುತ್ತದೆ. ಆ ಅವಧಿಯಲ್ಲಿ ಏನೂ ನಡೆದಿಲ್ಲವೆಂದರೆ ನಮೂನೆ 16, ನಡೆದಿದ್ದರೆ ಅದರ ವಿವರದೊಂದಿಗೆ ನಮೂನೆ 15 ಬರುತ್ತದೆ. ಅದರ ಮುಂದಿನ ಪತ್ರ ಹೊರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಕಳಿಸುವ ಅಧಿಕಾರ ಪತ್ರದ ಬಗ್ಗೆ ಇರಬಹುದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಜಿಪಿಎಗೆ ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಡಬ್ಲಿನ್ನಿನಿಂದ ಮಗ ಕಳಿಸಿದ ಪತ್ರವನ್ನು ಬೀರುವಿನಲ್ಲಿಟ್ಟು ಆರನೇ ತಿಂಗಳಿಗೆ ನೋಂದಣಿ ಕಚೇರಿಗೆ ಒಯ್ದವರು ಅಲ್ಲಿ ಪೇಚಿಗೆ ಬೀಳುತ್ತಾರೆ.

ಯಾವಾಗಲಾದರೂ ಒಂದು ಮನೆಯಿಂದ ‘ಮಾರಬೇಕು ಅಂದ್ಕೊಂಡಿದ್ದೀವಿ, ಬಂದು ಹೋಗಮ್ಮ’ ಎಂಬ ಕರೆ ಬರುತ್ತದೆ. ಮೊದಲ ದಿನ ಒಪ್ಪಂದದ ಅರ್ಜಿ ಜೊತೆಗೊಯ್ದು ಸಹಿ ಕೇಳುವುದು ಬೇಡ. ಇಸಿ ಮತ್ತು ಖಾತೆಯನ್ನು ಅವರ ಮೇಜಿನ ಮೇಲೇ ನೋಡಿ ಅಲ್ಲೇ ವಾಪಸ್ ಕೊಡಬೇಕು, ಫೋಟೋ ತೆಗೆಯಬಾರದು. ಎರಡನೇ ಭೇಟಿಗೆ ಒಂದು ಪುಟದ ಕಾಗದ ಸಾಕು. ಶುಲ್ಕ ಎಷ್ಟು, ಅದು ಯಾವ ದಿನ ಸಲ್ಲಬೇಕು, ಬೇರೆ ಏಜೆಂಟರಿಗೂ ಹೇಳಬಹುದೇ, ಎಷ್ಟು ತಿಂಗಳ ಅವಧಿ, ಮಾಲೀಕರು ಮನಸ್ಸು ಬದಲಿಸಿದರೆ ಏನು ಎಂಬ ಐದು ವಿಷಯ, ಎರಡೂ ಕಡೆಯ ಸಹಿ, ಒಂದೊಂದು ಪ್ರತಿ.